ಕೂಡಿಸಿ ಅರ್ಧ ಮಾಡಿದ ದಿನಗಳು

ಚಿಂತೆ ಮಾಡುವುದಕ್ಕೆ ನನಗೆ ಕಾರಣ ಬೇಕಾಗಿಲ್ಲ, ಬಿಡುವಿದ್ದರೆ ಸಾಕು. ಬಸ್ಸಿನಲ್ಲಿ ಕೂತರೆ ಡ್ರೈವರಿಗೆ ನಿದ್ದೆ ಬಂದಿದೆಯೇನೋ ಅಂತ ಕನ್ನಡಿಯಲ್ಲಿ ಅವನ ಕಣ್ಣನ್ನೇ ನೋಡುತ್ತಿರುತ್ತೇನೆ. ಮನೆಯಿಂದ ಹೊರಟು ಅರ್ಧ ದಾರಿಗೆ ಬಂದ ಮೇಲೆ ಹೆಂಡತಿಗೆ ಫೋನ್ ಮಾಡಿ ಗ್ಯಾಸ್ ಆಫ್ ಆಗಿದೆಯಾ ಅಂತ ಕೇಳುತ್ತೇನೆ. "ಆಗೈತೆ. ನೀವೂ ಸ್ವಲ್ಪ ಆಫ್ ಆಗ್ರಿ" ಅನ್ನುತ್ತಾಳೆ ಅವಳು. ಇಂಥ ಮನುಷ್ಯನಿಗೆ ಸಿಕ್ಕ ಕೆಲಸ ಮಾತ್ರ ಚಿಂತೆಗೆ ಎಡೆಯೇ ಇಲ್ಲದ್ದು ಅಂತ ಬಹಳ ವರ್ಷ ನಂಬಿದ್ದೆ. ಎರಡು ಸಂಖ್ಯೆಗಳನ್ನು ಕೂಡಿಸಬೇಕು, ಅರ್ಧ ಮಾಡಬೇಕು, ಕಂಪ್ಯೂಟರಿಗೆ ಹಾಕಬೇಕು. ಅಷ್ಟೇ.

ಹಿರಿಯೂರಿನ ಹೊರಗಿರುವ ಒಂದು ಬೇಸಾಯದ ಫಾರಂ ನಮ್ಮದು. ಕಡಲೆ, ಶೇಂಗಾ, ಸೂರ್ಯಕಾಂತಿಯ ತಾಕುಗಳ ನಡುವೆ ತಂತಿ ಬೇಲಿ ಹಾಕಿದ ಒಂದು ಚೌಕ ಜಾಗ. ಅದರೊಳಗೆ ಎದೆಮಟ್ಟಕ್ಕೆ ಕಾಲುಗಳ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ. ಗಾಳಿಯಾಡಲು ಸುತ್ತ ಓರೆ ಪಟ್ಟಿಗಳು. ಒಳಗೆ ಬಿಸಿಲು ಬೀಳದಂತೆ ಬಾಗಿಲು ಉತ್ತರಕ್ಕೆ. ಹವಾಮಾನ ಅಳೆಯುವ ಥರ್ಮಾಮೀಟರುಗಳು ಮಲಗುವ ಮನೆ ಅದು. ಹೊಸಬರು ಅದನ್ನು ಜೇನು ಪೆಟ್ಟಿಗೆ ಅಂದುಕೊಂಡು ದೂರ ನಿಲ್ಲುತ್ತಾರೆ.

ಆ ಪೆಟ್ಟಿಗೆಯ ಒಡತಿ ಅಕ್ಕ. ಸ್ವಂತ ಅಕ್ಕನಲ್ಲ, ಫಾರಮ್ಮಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದೆವು. ಅವರ ಯಜಮಾನರು ಇಲ್ಲಿ ಅದೇ ಕೆಲಸದಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಅನುಕಂಪದ ಮೇಲೆ ಕೆಲಸ ಇವರಿಗೆ ಬಂತು. ಓದುವುದನ್ನು ಕಲಿಸಿದವರೂ ಯಜಮಾನರೇ. ಕಾಯಿಲೆ ಬಿದ್ದು ಮಲಗಿದಾಗ ಹಾಸಿಗೆಯ ಮೇಲಿನಿಂದಲೇ, "ಉಸಿರು ಹಿಡಕೋ, ನಿನ್ನ ಉಸಿರು ತಾಗಿದ್ರೂ ಪಾದರಸ ಏರ್ತೈತೆ. ಪಾಯಿಂಟ್ ಮೊದಲು ನೋಡು, ಡಿಗ್ರಿ ಆಮೇಲೆ" ಅಂತ ಹೇಳಿಕೊಟ್ಟಿದ್ದರಂತೆ. ಪಾಯಿಂಟು, ಅಂದರೆ ಡಿಗ್ರಿಯ ಹತ್ತನೇ ಒಂದು ಪಾಲು, ಬೇಗ ಕದಲುತ್ತದೆ, ಡಿಗ್ರಿ ಎಲ್ಲಿಗೂ ಓಡಿಹೋಗುವುದಿಲ್ಲ, ಅದಕ್ಕೆ. ಅಕ್ಕ ಬೆಳಿಗ್ಗೆ ಬಾಗಿಲು ತೆಗೆದು, ಕಣ್ಣನ್ನು ಗಾಜಿನ ಮಟ್ಟಕ್ಕೇ ತಂದು, ಸೆರಗನ್ನು ಮೂಗಿಗೆ ಹಿಡಿದು ನಿಲ್ಲುತ್ತಿದ್ದರು. ಒಂದು ಥರ್ಮಾಮೀಟರಿನಲ್ಲಿ ಪಾದರಸ ಹಿಂದಿನ ದಿನ ಎಷ್ಟರ ತನಕ ಏರಿತ್ತೋ ಅಲ್ಲೇ ನಿಂತಿರುತ್ತದೆ. ಅದು ಗರಿಷ್ಠ. ಇನ್ನೊಂದರಲ್ಲಿ ಸಣ್ಣ ಕಡ್ಡಿಯೊಂದು ಎಷ್ಟರ ತನಕ ಇಳಿದಿತ್ತೋ ಅಲ್ಲೇ ಉಳಿದಿರುತ್ತದೆ. ಅದು ಕನಿಷ್ಠ. ಎರಡನ್ನೂ ಕೂಗಿ ಹೇಳಿ, ಒಂದನ್ನು ಕೊಡವಿ, ಇನ್ನೊಂದನ್ನು ಓರೆ ಮಾಡಿ, ಮತ್ತೆ ಮಲಗಿಸುತ್ತಿದ್ದರು. ಎಳೆಗೂಸನ್ನು ಮಲಗಿಸಿದ ಹಾಗೇ ಇತ್ತು ಅದು. ಬೇಲಿಯ ಹೊರಗೆ ನಿಂತು ಬರೆದುಕೊಳ್ಳುವವನು ನಾನು. ಕೂಡಿಸಿ ಅರ್ಧ ಮಾಡಿದರೆ ದಿನದ ಸರಾಸರಿ.

"ನಿನ್ನೆ ಎಷ್ಟಾತಪ್ಪ?" ಅನ್ನುತ್ತಿದ್ದರು ಅಕ್ಕ.

"ಇಪ್ಪತ್ತೇಳೂವರೆ."

"ಹೂಂ. ಹಂಗೇ ಇತ್ತು ದಿನ." ಒಂದು ಸಾರಿನ ರುಚಿ ನೋಡಿ ಒಪ್ಪಿದವರ ಹಾಗೆ ತಲೆಯಾಡಿಸುತ್ತಿದ್ದರು.

ಮೂರು ವರ್ಷದ ಹಿಂದೆ ಪೆಟ್ಟಿಗೆಯ ಪಕ್ಕದಲ್ಲೇ ಒಂದು ಕಂಬ ನೆಟ್ಟರು. ಅದಕ್ಕೊಂದು ಸೋಲಾರ್ ಹಲಗೆ, ಬಿಳಿ ತಟ್ಟೆಗಳನ್ನು ಬೋರಲು ಪೇರಿಸಿದಂಥ ಒಂದು ಗೂಡು. ತಾನೇ ಅಳೆದು, ಗಂಟೆಗೊಮ್ಮೆ ಆಫೀಸಿನ ಕಂಪ್ಯೂಟರಿಗೂ ನಮ್ಮ ಫೋನಿಗೂ ಕಳಿಸುವ ಯಂತ್ರ. ಅಕ್ಕ ಅದನ್ನು ಮಿಷನ್ನು ಅಂದರು. "ಪಾಪ, ಇದಕ್ಕೆ ಉಸಿರು ಹಿಡಿಯೋ ಕಷ್ಟ ಇಲ್ಲ ನೋಡು" ಅಂತ ಅದರ ಮೇಲೆ ಕೂತ ಕಾಗೆಯನ್ನು ಓಡಿಸಿದರು. ಸ್ವಲ್ಪ ಕಾಲ ಎರಡೂ ಜೊತೆಗೆ ನಡೆಯಲಿ, ಹೋಲಿಸಿ ನೋಡೋಣ ಅಂತ ಮೇಲಿನಿಂದ ಹೇಳಿಕಳಿಸಿದ್ದರು. ಹೋಲಿಸಬೇಕಾಗಿದ್ದು ಸರಾಸರಿಯನ್ನು. ಕೇಳಿದ್ದೇ ಅದೊಂದು.

ನಮ್ಮ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ಬೆಳಿಗ್ಗೆ ತಾವೇ ತಂದ ಅವಲಕ್ಕಿಯನ್ನು ನಮಗೂ ಹಂಚುವಂಥವರು. ಚಳಿಗಾಲ ಕಳೆಯುವ ಹೊತ್ತಿಗೆ ಒಂದು ದಿನ ನನ್ನನ್ನು ಕರೆದು ಪರದೆ ತೋರಿಸಿದರು. ಎರಡು ಗೆರೆ. ಮೇಲಿನದು ಅಕ್ಕನದು, ಕೆಳಗಿನದು ಮಿಷನ್ನಿನದು. ಹೆಚ್ಚಿನ ದಿನ ಅಕ್ಕನ ಸರಾಸರಿ ಅರ್ಧ ಡಿಗ್ರಿ, ಮುಕ್ಕಾಲು ಡಿಗ್ರಿ ಜಾಸ್ತಿ.

"ಅಮ್ಮ ಮೇಲಿಂದ ಬಗ್ಗಿ ನೋಡ್ತಿದಾರೇನೋ. ಇಲ್ಲ ಕಣ್ಣು..." ಅಂದರು ಮೇಡಂ; ಅಕ್ಕನನ್ನು ಅವರು ಅಮ್ಮ ಅನ್ನುತ್ತಿದ್ದರು. ಬಾಗಿಲಲ್ಲಿ ಅಕ್ಕ ನಿಂತಿದ್ದನ್ನು ಇಬ್ಬರೂ ಆಮೇಲೆ ನೋಡಿದೆವು. ಮೇಡಂ ಎದ್ದು ಹೋಗಿ ಕೈ ಹಿಡಿದುಕೊಂಡು, "ಬೇಜಾರು ಮಾಡ್ಕೋಬೇಡಿ ಅಮ್ಮ. ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ, ಅಷ್ಟೇ" ಅಂದರು.

ಅಷ್ಟೇ ಅಲ್ಲ ಅದು. ಅಕ್ಕನಿಗೆ ಸಕ್ಕರೆ ಕಾಯಿಲೆಯಿತ್ತು. ಹೊಳಲ್ಕೆರೆಯಲ್ಲಿದ್ದ ಅವರ ಹಿರಿಯಕ್ಕನಿಗೂ ಅದೇ ಇತ್ತು; ಆಕೆ ಕಣ್ಣು ಕಳಕೊಂಡು, ಕೊನೆಗೆ ಯಾರು ಬಂದರೂ ಮುಖ ಸವರಿ ಗುರುತು ಹಿಡಿಯುತ್ತಿದ್ದರಂತೆ. ಅದನ್ನು ಕಂಡಿದ್ದ ಅಕ್ಕನಿಗೆ ಕಣ್ಣಿನ ಡಾಕ್ಟರೆಂದರೆ ತೀರ್ಪು ಓದುವ ಜಡ್ಜು. ತೋರಿಸಿಕೊಳ್ಳದಿದ್ದರೆ ತೀರ್ಪೂ ಇಲ್ಲ ಅಂತ ಇದ್ದರು.

ಅವತ್ತಿನಿಂದ ಅಕ್ಕ ತಮ್ಮ ಕಣ್ಣನ್ನು ತಾವೇ ನಂಬದೇ ಹೋದರು. ಒಂದೇ ನೋಟಕ್ಕೆ ಮುಗಿಯುತ್ತಿದ್ದುದನ್ನು ಮತ್ತೆ ಮತ್ತೆ ನೋಡತೊಡಗಿದರು. "ಬಾರಪ್ಪ, ನೀನೊಂದ್ಸಲ ನೋಡು" ಅನ್ನುವರು. ನಾನು ನೋಡಿದರೆ ಅದೇ ಸಂಖ್ಯೆ. "ನಂಗೆ ಸಮಾಧಾನಕ್ಕೆ ಹೇಳ್ತೀಯ" ಅನ್ನುವರು. ಉಸಿರು ಕಟ್ಟಿ ಅಷ್ಟು ಹೊತ್ತು ನಿಲ್ಲಲಾಗದೆ ಬಿಟ್ಟ ಉಸಿರು ಗಾಜಿಗೇ ತಾಗುತ್ತಿತ್ತು. ಮನೆಯಲ್ಲಿ ಅಕ್ಕಿ ಆರಿಸುವುದನ್ನು ಬಿಟ್ಟರು, ಕಲ್ಲು ಕಾಣದೇ ಹೋದರೆ ಅಂತ. ಸ್ಕೂಟಿ ಬಿಟ್ಟು ಆಟೋ ಹತ್ತಿದರು. ಹೊಸದುರ್ಗ ತಾಲ್ಲೂಕಿನ ಬಾಗೂರಿಗೆ ಕೊಟ್ಟ ಮಗಳು ಫೋನ್ ಮಾಡಿದಾಗಲೆಲ್ಲ, "ಬಂದ್ಬಿಡಮ್ಮ, ಸಾಕು ಕೆಲಸ" ಅನ್ನುತ್ತಿದ್ದಳು. "ಕಣ್ಣಿರೋ ತನಕ ಬರಲ್ಲ, ಹೋದ್ಮೇಲೆ ನೀನು ಬಿಡಲ್ಲ" ಅಂತ ಅಕ್ಕ ನಕ್ಕು ಹೇಳಿದ್ದು ನನಗೆ ನಗು ತರಲಿಲ್ಲ.

ಇತ್ತ ನನಗೆ ನನ್ನ ಕಣ್ಣಿನ ಚಿಂತೆ ಹತ್ತಿತು. ಅಕ್ಕ ಓದಿದ್ದೇ ನನಗೂ ಕಂಡರೆ ನನ್ನದೂ ಹೋಗಿದೆ ಅಂತಲೇ ಅಲ್ಲವೇ? ಹಿರಿಯೂರಿನ ಕನ್ನಡಕದ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಅಂಗಡಿಯವನು, "ಕಣ್ಣಿಗೇನೂ ಆಗಿಲ್ಲ ಸಾರ್. ಬೇರೆ ಕಡೆ ತೋರಿಸ್ರಿ" ಅಂತ ತಲೆಯ ಕಡೆ ನೋಡಿ ಹೇಳಿದ.

ಭರಣಿ ಮಳೆ ಬಂದ ದಿನ ಇದೆಲ್ಲ ತಿರುಗಿತು. ಮಧ್ಯಾಹ್ನವೆಲ್ಲ ಕಾದ ಹೆಂಚಿನಂಥ ಬಿಸಿಲು. ಮೂರು ಗಂಟೆಯ ಹೊತ್ತಿಗೆ ಮೂವತ್ತೇಳು ತೋರಿಸುತ್ತಿತ್ತು. ನಾಲ್ಕಾಗುವ ಮೊದಲೇ ಮೂಡಣದಿಂದ ಕಪ್ಪೆದ್ದು, ಧೂಳು ಬಂದು, ಹಿಂದೆಯೇ ಆಲಿಕಲ್ಲಿನ ಜೊತೆ ಮಳೆ ಸುರಿಯಿತು. ಬೇಲಿಯೊಳಗಿದ್ದ ನಾವಿಬ್ಬರೂ ಪಂಪ್‌ಹೌಸಿಗೆ ಓಡಿದೆವು. ನೆನೆದ ಬಟ್ಟೆಯಲ್ಲಿ ನಿಂತ ಅಕ್ಕನ ಹಲ್ಲು ಕಟಕಟ ಅನ್ನುತ್ತಿತ್ತು.

"ನಿಮೋನಿಯಾ ಆದ್ರೇನು ಮಾಡ್ತೀರಕ್ಕ?" ಅಂದೆ.

"ನೀನು ಅದನ್ನ ಬಾಯಲ್ಲಿ ಆಡಬ್ಯಾಡ, ಅದೇ ಬರ್ತೈತೆ" ಅಂದರು.

ಸಂಜೆಯೆಲ್ಲ ತಂಪು, ಮಲಗುವಾಗ ಮನೆಯಲ್ಲಿ ಫ್ಯಾನ್ ಬೇಡವಾಯಿತು, ಹೊದಿಕೆ ಬೇಕಾಯಿತು. ಮಾರನೆಯ ದಿನ ಎಂದಿನಂತೆ ಬರೆದೆ: ಗರಿಷ್ಠ ಮೂವತ್ತೇಳು, ಕನಿಷ್ಠ ಇಪ್ಪತ್ಮೂರು, ಸರಾಸರಿ ಮೂವತ್ತು. ಬರೆದು ಪೆನ್ನು ಎತ್ತಲಾಗಲಿಲ್ಲ. ಮೂವತ್ತು ಡಿಗ್ರಿಯಲ್ಲಿ ಯಾರ ಹಲ್ಲು ಕಟಕಟ ಅನ್ನುತ್ತದೆ? ಸಂಜೆ ನಾಲ್ಕರಿಂದ ಮಲಗುವ ತನಕ ಹಿರಿಯೂರು ಇಪ್ಪತ್ನಾಲ್ಕು, ಇಪ್ಪತ್ಮೂರರಲ್ಲೇ ಇತ್ತಲ್ಲ. ಆ ತಂಪಿನ ಗಂಟೆಗಳೆಲ್ಲ ನನ್ನ ಲೆಕ್ಕದಲ್ಲಿ ಎಲ್ಲಿಗೆ ಹೋದವು?

ಮಿಷನ್ನಿನ ಗಂಟೆಗಂಟೆಯ ಓದು ತೆಗೆದು ಕೈಯಲ್ಲೇ ಕೂಡಿಸಿದೆ; ಕಂಪ್ಯೂಟರಿನ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಇಪ್ಪತ್ನಾಲ್ಕು ಗಂಟೆಯದನ್ನೂ ಕೂಡಿಸಿ ಇಪ್ಪತ್ನಾಲ್ಕರಿಂದ ಭಾಗಿಸಿದರೆ ಇಪ್ಪತ್ತೇಳರ ಹತ್ತಿರ ಬಂತು. ಅಕ್ಕನ ಸರಾಸರಿಗೂ ಅದಕ್ಕೂ ಮೂರು ಡಿಗ್ರಿ ಅಂತರ. ಆದರೆ ಮಿಷನ್ನಿನ ಗಂಟೆಗಳಲ್ಲಿ ಅತಿ ಹೆಚ್ಚಿನದು ಯಾವುದು? ಮೂವತ್ತೇಳು. ಅತಿ ಕಡಿಮೆ? ಇಪ್ಪತ್ಮೂರು. ಅಕ್ಕ ಓದಿದ್ದೂ ಅವೇ.

ಮೇಡಂ ಹತ್ತಿರ ಹೋಗಿ ಹಾಳೆ ಇಟ್ಟೆ. ಅವರು ನೋಡಿದರು, ಇನ್ನೊಮ್ಮೆ ನೋಡಿದರು, ಹಣೆ ಚಚ್ಚಿಕೊಂಡರು.

"ಅಯ್ಯೋ, ಇದನ್ನ ಓದಿ ಪರೀಕ್ಷೆ ಬರೆದೋಳು ನಾನು! ಎರಡಕ್ಕೂ ಸರಾಸರಿ ಅಂತ ಹೆಸರಿತ್ತು, ಒಂದೇ ಅನ್ಕೊಂಡು ಕೂತೆ."

ಮುಂದಿನದನ್ನು ವಿವರಿಸಿದವರು ಅವರೇ. ಶಾಖ ಸಮನಾಗಿ ಏರಿ ಸಮನಾಗಿ ಇಳಿದರೆ ಮಾತ್ರ ಎರಡು ತುದಿಗಳ ನಡುವಿನದು ದಿನದ ಸರಾಸರಿಯ ಹತ್ತಿರ ಬರುತ್ತದೆ. ದಿನ ಹಾಗೆ ನಡೆಯುವುದಿಲ್ಲ. ನಮ್ಮ ಕಡೆ ಚಳಿಗಾಲದಲ್ಲಿ ನಡುಹಗಲಿನ ಬಿಸಿ ಸ್ವಲ್ಪ ಹೊತ್ತು, ತಂಪು ಉದ್ದಕ್ಕೆ; ಹಾಗಾಗಿ ಅರ್ಧ ಮಾಡಿದ ಲೆಕ್ಕ ನಿಜಕ್ಕಿಂತ ಮೇಲೇ ನಿಲ್ಲುತ್ತದೆ. ಮಧ್ಯಾಹ್ನ ಕಾದು ಆಮೇಲೆ ಮಳೆ ಬಂದರೆ ಇನ್ನೂ ಮೇಲೆ. ಮೋಡ ಕವಿದು ಹಗಲೂ ರಾತ್ರಿಯೂ ಬೆಚ್ಚಗಿದ್ದು, ಬೆಳಗಿನ ಜಾವ ಒಂದು ಗಳಿಗೆ ಮಾತ್ರ ಮಳೆ ಬಿದ್ದು ತಣ್ಣಗಾದ ದಿನ, ಅದೇ ಲೆಕ್ಕ ನಿಜಕ್ಕಿಂತ ಕೆಳಗೆ ಬೀಳುತ್ತದೆ. ಆ ಎರಡು ಕ್ಷಣ ಬಿಟ್ಟು ಉಳಿದ ಹೊತ್ತೆಲ್ಲ ಹೇಗಿತ್ತು ಅನ್ನುವುದು ಅದಕ್ಕೆ ಗೊತ್ತೇ ಇರುವುದಿಲ್ಲ. "ಹಾಗಂತ ಗಂಟೆಗೊಂದು ಓದಿದ್ರೂ ಪೂರ್ತಿ ನಿಜ ಅಲ್ಲ. ಇನ್ನಷ್ಟು ಹತ್ತಿರ ಅಷ್ಟೇ" ಅಂದರು ಮೇಡಂ. ಆಮೇಲೆ ಇಬ್ಬರೂ ಕೂತು ಹಿಂದಿನ ತಿಂಗಳುಗಳ ಗರಿಷ್ಠಕ್ಕೆ ಗರಿಷ್ಠ, ಕನಿಷ್ಠಕ್ಕೆ ಕನಿಷ್ಠ ಹೋಲಿಸಿದೆವು. ಒಂದೆರಡು ಪಾಯಿಂಟಿನ ವ್ಯತ್ಯಾಸ, ಅದೂ ಒಂದು ದಿನ ಆಚೆ, ಒಂದು ದಿನ ಈಚೆ. ಅಕ್ಕನ ಕಣ್ಣು ತಪ್ಪಿರಲಿಲ್ಲ.

"ನೀವೇ ಹೋಗಿ ಹೇಳಿ. ನಾನು ನಾಳೆ ಅವರ ಮುಂದೆ ಕ್ಷಮೆ ಕೇಳ್ತೀನಿ" ಅಂದರು ಮೇಡಂ. ಅಕ್ಕ ಅವತ್ತು ಬೆಳಗಿನ ಓದು ಮುಗಿಸಿ, ಮಳೆಯಲ್ಲಿ ನೆನೆದ ನೆಗಡಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದರು. ಮನೆ ಫಾರಮ್ಮಿಗೆ ಹತ್ತಿರದ ಹಳ್ಳಿಯಲ್ಲೇ. ಬೈಕು ಓಡಿಸಿಕೊಂಡು ಹೋದೆ. ದಾರಿಯಲ್ಲಿ ಒಮ್ಮೆಯೂ ಟೈರು ಪಂಕ್ಚರ್ ಆಗಬಹುದೆಂದು ಯೋಚಿಸಲಿಲ್ಲ. ನನ್ನ ಮಟ್ಟಿಗೆ ಅದು ಸಣ್ಣ ಮಾತಲ್ಲ.

"ಬಾರಪ್ಪ, ಕುಂತ್ಕ. ಏನು ಹಿಂಗೆ ಓಡಿ ಬಂದಿ, ಯಾರಿಗೇನಾತು?" ಅಂದರು ಅಕ್ಕ, ಮೂಗಿಗೆ ಬಟ್ಟೆ ಒತ್ತಿಕೊಂಡು.

ಹೇಳಿದೆ. ಮೊದಲು ಅರ್ಥವಾಗಲಿಲ್ಲ. ಅಕ್ಕನ ತವರು ಕುರಿ ಸಾಕುವವರದು, ಅದಕ್ಕೇ ಕುರಿಯ ಲೆಕ್ಕಕ್ಕೆ ಇಳಿದೆ. "ಹಿಂಡಿನಾಗೆ ಎಲ್ಲಕ್ಕಿಂತ ದೊಡ್ಡ ಟಗರು, ಎಲ್ಲಕ್ಕಿಂತ ಸಣ್ಣ ಮರಿ, ಎರಡನ್ನೇ ತೂಗಿ, ನಡುವಿಂದು ತೆಗೆದು, ನಮ್ಮ ಕುರಿ ಇಷ್ಟು ತೂಗ್ತವೆ ಅಂದ್ರೆ ಹೆಂಗಿರ್ತೈತೆ?"

"ಮರಿಗಳೇ ಜಾಸ್ತಿ ಇದ್ರೆ ಸುಳ್ಳಾಗ್ತೈತೆ."

"ನಾವು ಮಾಡಿದ್ದು ಅದೇ ಅಕ್ಕ. ಮಿಷನ್ನು ಹಿಂಡಿನಾಗೆ ಇನ್ನೂ ಬಹಳ ಕುರಿ ತೂಗ್ತೈತೆ. ಟಗರು ಮರಿ ಎರಡನ್ನೂ ನೀವು ತೂಗಿದ್ದು ಸರಿ. ನಿಮ್ಮ ಕಣ್ಣು ಸರಿ ಐತೆ."

ಅಕ್ಕ ನಗುತ್ತಾರೆ ಅಂದುಕೊಂಡಿದ್ದೆ. ಕಾಫಿ ಲೋಟ ಎತ್ತಿದವರು ಕುಡಿಯದೆ ಕೈಯಲ್ಲೇ ಹಿಡಿದರು. ಗೋಡೆಯ ಮೇಲೆ ಯಜಮಾನರ ಫೋಟೋ ಇತ್ತು. ಅದರ ಕಡೆ ತಿರುಗಲೂ ಇಲ್ಲ.

"ಹಂಗಾದ್ರೆ ಅವರು ಬರೆದದ್ದು?" ಅಂದರು ಕೊನೆಗೆ.

"ಅದೂ ಅಷ್ಟೇ ಅಕ್ಕ. ಎರಡು ಓದಿನಿಂದಾನೇ..."

"ಅಷ್ಟೂ ವರ್ಷ. ಅವರದ್ದೂ ನನ್ನದೂ." ಲೋಟ ಕೆಳಗಿಟ್ಟರು. "ನನ್ನ ಕಣ್ಣೇ ತಪ್ಪಿದ್ರೆ ಚಲೋ ಇತ್ತಲ್ಲಪ್ಪ. ಹಾಳಾದ್ರೆ ಈಗಿನ ನಾಕು ದಿನ ಹಾಳಾಗ್ತಿದ್ವು. ನೀನು ಕಣ್ಣು ಉಳಿಸಾಕೆ ಹೋಗಿ ಎಲ್ಲ ದಿನಾನೂ ತಗದೆಯಲ್ಲ."

ನಾನು ಗಾಬರಿಬಿದ್ದು ಮೇಡಂ ಹೇಳಿದ್ದನ್ನೆಲ್ಲ ಒದರಿದೆ. ಅವು ಸುಳ್ಳಲ್ಲ, ಹೆಚ್ಚು ಎಷ್ಟು, ಕಡಿಮೆ ಎಷ್ಟು ಅನ್ನುವುದು ನಿಜವೇ, ಬೇರೆ ಊರುಗಳಲ್ಲೂ ಹಾಗೇ ಮಾಡುತ್ತಿದ್ದರು, ಒಂದೇ ರೀತಿ ಮಾಡಿದ ಒಂದು ವರ್ಷವನ್ನು ಇನ್ನೊಂದು ವರ್ಷದ ಪಕ್ಕ ಇಟ್ಟು ನೋಡಲು ಅವು ಈಗಲೂ ಬೇಕು, ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಬೆರೆಸಬಾರದು, ಅಷ್ಟೇ.

"ನಂಗೆ ಅದು ಗೊತ್ತಾಗ್ತೈತೆ," ಅಂದರು ಅಕ್ಕ. "ಅವರು ದಿನಾ ಮನೆಗೆ ಬಂದು ನಿನ್ನೆ ಹಿಂಗಿತ್ತು ಅಂತ ಹೇಳೋರು, ನಾನು ಹೌದು ಅಂತಿದ್ದೆ. ದಿನಾನೇ ಹಿಡಿದು ತಂದಾರೆ ಅನ್ಕಂಡಿದ್ದೆ. ಬರೇ ಎರಡು ತುದಿ ತಂದಿದ್ರು."

ನನ್ನ ಲೋಟದ ಕಾಫಿ ಆರಿತ್ತು. ಕುಡಿದೆ.

ಆದರೂ ಒಂದು ಒಳ್ಳೆಯದಾಯಿತು. ಓದು ಸರಿಯಿದೆ ಅಂತ ಗೊತ್ತಾದ ಧೈರ್ಯಕ್ಕೆ ಅಕ್ಕ ಡಾಕ್ಟರ ಹತ್ತಿರ ಹೋಗಲು ಒಪ್ಪಿದರು. "ಹೋಗಾಣ ನಡಿ. ಪಾಸಾದ ಮೇಲೆ ಪರೀಕ್ಷೆಗೆ ಹೆದರೋದೇನು" ಅಂದರು. ಮೇಡಂ ರಜೆ ಕೊಟ್ಟರು, ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ಪಾಪೆ ಅಗಲ ಮಾಡಿ ನೋಡಿದರು. ಎಡಗಣ್ಣಿನ ಒಳಪರದೆ ಸಕ್ಕರೆಯಿಂದ ಆಗಲೇ ಹಾಳಾಗಿತ್ತು. ಬಲಗಣ್ಣಿನಲ್ಲೂ ಶುರುವಾಗಿತ್ತು. ಇಷ್ಟು ದಿನ ಎಲ್ಲವನ್ನೂ ಓದಿದ್ದು ಬಲಗಣ್ಣೊಂದೇ. ಚಿಕಿತ್ಸೆ ಇದೆ, ಇರುವುದನ್ನು ಉಳಿಸಿಕೊಳ್ಳೋಣ, ಹೋದದ್ದು ಬರುವುದಿಲ್ಲ ಅಂದರು.

ಹಿಂದಕ್ಕೆ ಬರುವಾಗ ಬಸ್ಸಿನ ಬಿಸಿಲು ಸಹಿಸಲಾಗದೆ ಅಕ್ಕ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಅದರೊಳಗಿನಿಂದಲೇ, "ಲೇ, ಈಗ ಚಿಂತೆ ಮಾಡು. ಈಗ ನಿಂಗೆ ಕಾರಣ ಐತೆ" ಅಂದರು. ಅಳುತ್ತಿದ್ದರೋ ನಗುತ್ತಿದ್ದರೋ ಬಟ್ಟೆಯ ಮೇಲಿನಿಂದ ಗೊತ್ತಾಗಲಿಲ್ಲ.

ಮಳೆಗಾಲವಿಡೀ ಅಕ್ಕ ಚಿಕಿತ್ಸೆಗೂ ಹೋದರು, ಪೆಟ್ಟಿಗೆಯ ಹತ್ತಿರವೂ ಹೋದರು. ಸರಾಸರಿ ಎಷ್ಟಾಯಿತು ಅಂತ ಮತ್ತೆ ಕೇಳಲಿಲ್ಲ. ಬೇರೊಂದು ಹೊಸ ಅಭ್ಯಾಸ ಹಿಡಿದರು. ತಮ್ಮದನ್ನು ಓದಿ ಹೇಳಿದ ಮೇಲೆ, "ಮಿಷನ್ನು ಎಷ್ಟಂತೈತೆ?" ಅನ್ನುವರು. ನಾನು ಫೋನ್ ನೋಡಿ ಮಿಷನ್ನಿನ ಗರಿಷ್ಠ, ಕನಿಷ್ಠ ಹೇಳಬೇಕು. ಒಂದೆರಡು ಪಾಯಿಂಟಿನೊಳಗೆ ಕೂಡಿದರೆ ಬಾಗಿಲು ಮುಚ್ಚುವರು. ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ಅದನ್ನವರು ತಮ್ಮ ಕಣ್ಣಿಗೆ ದಿನದ ಪರೀಕ್ಷೆ ಮಾಡಿಕೊಂಡಿದ್ದರು. ಪ್ರತಿ ಬೆಳಿಗ್ಗೆ ಫೋನ್ ತೆಗೆದು, ಅವರಿಗೆ ಹೇಳುವ ಮೊದಲು ಸಂಖ್ಯೆಯನ್ನು ಎರಡು ಸಲ ನೋಡಿಕೊಳ್ಳುತ್ತಿದ್ದೆ.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಅಕ್ಕ ಕಿವಿಗೆ ಮಫ್ಲರ್ ಕಟ್ಟಿಕೊಂಡು ಬಂದಿದ್ದರು. ಹುಲ್ಲಿನ ಮೇಲೆ ಇಬ್ಬನಿ. ನಾವಾಡಿದ ಮಾತು ಬಾಯಿಂದ ಹೊಗೆಯಾಗಿ ಬರುತ್ತಿತ್ತು. ಅವರು ಬಗ್ಗಿ ಕನಿಷ್ಠದ್ದನ್ನು ನೋಡಿ, "ಪಾಯಿಂಟ್ ಆರು. ಹದಿನೆಂಟು" ಅಂದರು.

ನಾನು ಫೋನ್ ನೋಡಿದೆ. ಹದಿಮೂರು ಪಾಯಿಂಟ್ ಆರು.

ಥರ್ಮಾಮೀಟರಿನ ಮೇಲೆ ಐದು ಡಿಗ್ರಿಗೊಂದು ದಪ್ಪ ಗೆರೆ ಇರುತ್ತದೆ. ಒಂದು ದಪ್ಪ ಗೆರೆಯನ್ನು ಇನ್ನೊಂದು ಅಂದುಕೊಂಡರೆ ಆಗುವ ತಪ್ಪು ಅದು. ಮಿಷನ್ನೂ ಹದಿನೆಂಟು ಪಾಯಿಂಟ್ ನಾಲ್ಕು ಅನ್ನುತ್ತಿದೆ ಅಂತ ಹೇಳಿಬಿಡಬಹುದಿತ್ತು. ಹೇಳೋಣ ಅಂತಲೇ ಬಾಯಿ ತೆರೆದೆ. ಸುಳ್ಳು ಹೇಳುವುದರಲ್ಲೂ ನನ್ನದು ನಿಧಾನ.

"ಹೇಳಪ್ಪ."

ಹೇಳಿದೆ.

ಅಕ್ಕ ಮತ್ತೆ ಬಗ್ಗಿದರು. ಬಲಗಣ್ಣನ್ನು ಉಜ್ಜಿಕೊಂಡು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, "ನೀನು ನೋಡು" ಅಂದರು. ನಾನು ಉಸಿರು ಹಿಡಿದು ನೋಡಿದೆ. ಕಡ್ಡಿಯ ತುದಿ ಹದಿಮೂರರ ಮೇಲೆ ಆರರಲ್ಲಿತ್ತು.

"ಎಷ್ಟೈತೆ?"

"ಹದಿಮೂರು ಪಾಯಿಂಟ್ ಆರು ಅಕ್ಕ."

"ಹಂಗೇ ಬರಕೋ." ಎಂದಿನ ಹಾಗೇ ಒಂದನ್ನು ಕೊಡವಿದರು, ಇನ್ನೊಂದನ್ನು ಓರೆ ಮಾಡಿ ಮಲಗಿಸಿದರು. ಆ ಕೆಲಸಕ್ಕೆ ಅವರಿಗೆ ಕಣ್ಣು ಬೇಕಿರಲಿಲ್ಲ. ಬಾಗಿಲು ಹಾಕಿ, ಬೇಲಿಯಿಂದ ಹೊರಗೆ ಬಂದು, "ನಾಳೆಯಿಂದ ನಾನು ಓದಾದು ಬ್ಯಾಡ. ಒಂದು ತಪ್ಪಿದ್ದು ಗೊತ್ತಾತು, ಇನ್ನೊಂದು ಗೊತ್ತಾಗದೇ ಹೋದ್ರೆ?" ಅಂದರು. ಮೇಡಂ ಬೇರೆ ಕೆಲಸ ಕೊಡುತ್ತೇನೆ, ಬೀಜದ ಕೋಣೆಯಲ್ಲಿ ಕೂರಿ ಅಂತ ಎಷ್ಟೋ ಹೇಳಿದರು. ಅಕ್ಕ ಒಪ್ಪಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮಗಳು ಬಂದು ಬಾಗೂರಿಗೆ ಕರೆದುಕೊಂಡು ಹೋದಳು.

ಈಗ ಪೆಟ್ಟಿಗೆ ನನ್ನ ಪಾಲಿಗಿದೆ. ಅಕ್ಕ ವಾರಕ್ಕೊಮ್ಮೆಯಾದರೂ ಸಂಜೆ ಫೋನ್ ಮಾಡುತ್ತಾರೆ. ಮಗಳು ನಂಬರ್ ಒತ್ತಿ ಕೊಡುತ್ತಾಳೆ.

"ಹೆಂಗಿತ್ತಪ್ಪ ಇವತ್ತು?"

ನಾನು ಸಂಖ್ಯೆ ಹೇಳುವುದಿಲ್ಲ, ಅವರು ಕೇಳುವುದೂ ಇಲ್ಲ. ಬೆಳಿಗ್ಗೆಯಿಂದ ಶುರುಮಾಡುತ್ತೇನೆ. ಕೆಲಸಕ್ಕೆ ಬರುವಾಗ ಸ್ವೆಟರ್ ಹಾಕಿಕೊಂಡಿದ್ದೆ ಅಕ್ಕ, ಒಂಬತ್ತಕ್ಕೆ ತೆಗೆದೆ. ಹನ್ನೊಂದರ ತನಕ ಹಿತವಾಗಿತ್ತು. ಊಟದ ಹೊತ್ತಿಗೆ ನೆತ್ತಿ ಸುಡುತ್ತಿತ್ತು, ಬಹಳ ಹೊತ್ತಲ್ಲ. ಮೂರರ ಮೇಲೆ ಮೂಡಣ ಗಾಳಿ ಬಿಟ್ಟಿತು. ಅಕ್ಕ ಪ್ರತಿಯೊಂದಕ್ಕೂ ಹೂಂಗುಟ್ಟುತ್ತಾರೆ. ನಡುವೆ ಎಲ್ಲೋ ಒಂದು ಗಂಟೆ ಬಿಟ್ಟೆನೋ ಅಂತ ನನಗೆ ಅನುಮಾನ ಬರುತ್ತದೆ. ಹಿಂದಕ್ಕೆ ಹೋಗಿ ಅದನ್ನೂ ಹೇಳುತ್ತೇನೆ.